ಲಾಗಿನ್‌ನಲ್ಲೇ ಗೇಮ್ ನಿಂತುಬಿಟ್ಟಿದೆ, ರೂಟರ್ ಫ್ಯಾಕ್ಟರಿ ರೀಸೆಟ್ ಮಾಡ್ಲಾ?

ರಾತ್ರಿಗೂಬೆ:
ನಮಸ್ಕಾರ. ಪಿಸಿ, ವಿಂಡೋಸ್ 11. ಸಂಜೆಯಿಂದ ಗೇಮ್ ಓಪನ್ ಆಗುತ್ತೆ, ಚಕ್ರ ಸುತ್ತುತ್ತೆ, ಸ್ವಲ್ಪ ಹೊತ್ತಾದ ಮೇಲೆ ಆನ್‌ಲೈನ್ ಸೇವೆ ಸಿಗ್ತಿಲ್ಲ ಅಂತ ಹೇಳಿ ಮೊದಲ ಸ್ಕ್ರೀನಿಗೆ ವಾಪಸ್ ಬರುತ್ತೆ. ನಿನ್ನೆ ತನಕ ಏನೂ ತೊಂದರೆ ಇರ್ಲಿಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದೆ, ಡಿಎನ್‌ಎಸ್ 8.8.8.8ಕ್ಕೆ ಬದಲಾಯಿಸಿದೆ, ಫೈರ್‌ವಾಲ್ ತೆಗೆದೆ, ಗೇಮ್ ಫೈಲ್‌ಗಳನ್ನ ವೆರಿಫೈ ಮಾಡಿಸಿದೆ. ಇನ್ನು ಉಳಿದಿರೋದು ರೂಟರ್ ಹಿಂದಿನ ತೂತಿಗೆ ಪಿನ್ ಚುಚ್ಚೋದು ಮಾತ್ರ. ಚುಚ್ಚಲಾ? ಬೇರೆ ದೇಶದಲ್ಲಿರೋ ಗೆಳೆಯ ಇದೇ ಗೇಮ್ ಆಡ್ತಾ ಇದ್ದಾನೆ, ಹಾಗಾಗಿ ಸರ್ವರ್ ಸರಿ ಇದೆ ಅಂತ ಲೆಕ್ಕ ಹಾಕಿದೀನಿ.

ಹಳೇಕೀಬೋರ್ಡ್:
ಕಂಪನಿಯ ಸ್ಟೇಟಸ್ ಪೇಜ್ ಈಗಷ್ಟೇ ನೋಡಿದೆ, ಎಲ್ಲಾ ಹಸಿರು. ಅಂದ್ಮೇಲೆ ತೊಂದರೆ ನಿಮ್ಮ ಕಡೆಯದ್ದೇ. ಪೋರ್ಟ್ ಫಾರ್ವರ್ಡ್ ಮಾಡಿ, ನ್ಯಾಟ್ ಟೈಪ್ ಓಪನ್ ಬರೋ ಹಾಗೆ ನೋಡ್ಕೊಳ್ಳಿ. ನನಗೆ ಹಿಂದೆ ಅದರಿಂದಲೇ ಸರಿಹೋಗಿತ್ತು.

ಪಿಂಗ್‌ಪುಟ್ಟ:
ನಂಗೂ ಇದೇ ಗೋಳು ಗುರು! ರಾತ್ರಿ ಆದ್ರೆ ಸಾಕು, ಪಿಂಗ್ 180 ದಾಟುತ್ತೆ, ಓಡ್ತಾ ಇದ್ದವನು ಹಿಂದಕ್ಕೆ ಜಿಗೀತೀನಿ. ಪರಿಹಾರ ಸಿಕ್ರೆ ನಂಗೂ ಹೇಳಿ.

ತಂತಿಜಾಲ:
ರಾತ್ರಿಗೂಬೆ ಅವರೇ, ಮೊದಲು ಆ ಪಿನ್ ಕೆಳಗಿಡಿ. ಫ್ಯಾಕ್ಟರಿ ರೀಸೆಟ್ ಮಾಡಿದ್ರೆ ಇಂಟರ್ನೆಟ್ ಕೊಡೋರು ರೂಟರ್‌ನಲ್ಲಿ ಹಾಕಿಟ್ಟಿರೋ ಯೂಸರ್‌ನೇಮ್, ಪಾಸ್‌ವರ್ಡ್ ಕೂಡ ಅಳಿಸಿಹೋಗಬಹುದು. ಆಮೇಲೆ ಗೇಮ್ ಇರ್ಲಿ, ನೆಟ್ಟೇ ಇರಲ್ಲ.

ಅದೇ ಪಿಸಿಯಲ್ಲಿ ಬೇರೊಂದು ಆನ್‌ಲೈನ್ ಗೇಮ್ ಓಪನ್ ಆಗುತ್ತಾ ನೋಡಿ. ಅದು ಓಪನ್ ಆದ್ರೆ, ಪಿಸಿಯನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ನಿಮ್ಮ ಗೇಮನ್ನ ಇನ್ನೊಂದು ಸಲ ಶುರು ಮಾಡಿ. ಇಲ್ಲಿ ತುಂಬಾ ಜನ ಎಡವೋ ಜಾಗ ಒಂದಿದೆ: ಕೆಲವು ಫೋನ್‌ಗಳು ತಾವೇ ವೈಫೈಗೆ ಸೇರಿಕೊಂಡು ಅದನ್ನೇ ಹಾಟ್‌ಸ್ಪಾಟ್ ಮೂಲಕ ಹಂಚುತ್ತವೆ. ಆಗ ನೀವು ಪರೀಕ್ಷೆ ಮಾಡ್ತಿರೋದು ಅದೇ ಮನೆಯ ರೂಟರನ್ನೇ. ಹಾಗಾಗಿ ಫೋನಿನ ವೈಫೈ ಆಫ್ ಮಾಡಿ, ಬರೀ ಮೊಬೈಲ್ ಡೇಟಾ ಇಟ್ಕೊಳ್ಳಿ. ಆಗಲೂ ಅದೇ ಹಂತದಲ್ಲಿ ಅದೇ ಎರರ್ ಬಂದ್ರೆ ರೂಟರ್ ಮೇಲಿನ ಅನುಮಾನ ಬಿಡಬಹುದು.

ಗೆಳೆಯ ಆಡ್ತಿದ್ದಾನೆ ಅನ್ನೋದರಿಂದ ಹೆಚ್ಚೇನೂ ತಿಳಿಯಲ್ಲ. ಅವನು ಬೇರೆ ಪ್ರದೇಶದ ಸರ್ವರ್‌ನಲ್ಲಿರಬಹುದು, ಇಲ್ಲವೇ ತೊಂದರೆಗೆ ಮುಂಚೆಯೇ ಲಾಗಿನ್ ಆಗಿರಬಹುದು. ಲಾಗಿನ್ ಸೇವೆ ಬಿದ್ದರೂ ಒಳಗಿದ್ದವರ ಆಟ ನಡೀತಾನೇ ಇರೋದುಂಟು. ಅವನಿಗೆ ಒಂದ್ಸಲ ಹೊರಗೆ ಬಂದು ಮತ್ತೆ ಒಳಗೆ ಹೋಗು ಅಂತ ಹೇಳಿ ನೋಡಿ, ಒಪ್ಪಲ್ಲ ಬಿಡಿ.

@ಹಳೇಕೀಬೋರ್ಡ್, ಪೋರ್ಟ್ ಫಾರ್ವರ್ಡ್ ಬೇಕಾಗೋದು ಹೊರಗಿನವರು ನಿಮ್ಮ ಪಿಸಿಗೆ ಬರಬೇಕಾದಾಗ, ಆಟಗಾರರು ನೇರವಾಗಿ ಒಬ್ಬರಿಗೊಬ್ಬರು ಸೇರೋವಾಗ. ಲಾಗಿನ್‌ನಲ್ಲಿ ನಿಮ್ಮ ಪಿಸಿನೇ ಹೊರಗೆ ಹೋಗಿ ಬಾಗಿಲು ತಟ್ಟುತ್ತೆ, ಸಾಮಾನ್ಯವಾಗಿ 443ನೇ ಪೋರ್ಟ್‌ನಲ್ಲಿ. ಅದಕ್ಕೆ ನ್ಯಾಟ್ ಟೈಪ್ ಅಡ್ಡಿ ಬರಲ್ಲ.

ಹಳೇಕೀಬೋರ್ಡ್:
ನ್ಯಾಟ್ ವಿಷಯ ಒಪ್ಕೊಂಡೆ. ಆದ್ರೆ ಸ್ಟೇಟಸ್ ಪೇಜ್? ಅದನ್ನೇ ನಂಬಬಾರದು ಅಂದ್ರೆ ಅದು ಇರೋದಾದ್ರೂ ಯಾಕೆ?

ತಂತಿಜಾಲ:
ಕೆಂಪು ತೋರಿಸಿದ್ರೆ ನಂಬಿ. ಹಸಿರು ತೋರಿಸಿದ್ರೆ ಸ್ವಲ್ಪ ಕಾಯಿರಿ. ಎಷ್ಟೋ ಕಂಪನಿಗಳಲ್ಲಿ ಆ ಪುಟ ಬದಲಾಗೋದು ಯಾರಾದ್ರೂ ಕೂತು ಬರೆದಾಗ ಮಾತ್ರ, ಅಷ್ಟರಲ್ಲಿ ತೊಂದರೆ ಶುರುವಾಗಿ ಸಾಕಷ್ಟು ಹೊತ್ತಾಗಿರುತ್ತೆ. ಜೊತೆಗೆ ಗೇಮ್ ಕಂಪನಿಯ ಸರ್ವರ್ ಅನ್ನೋದು ಬಹಳ ಸಲ ಬಾಡಿಗೆ ಮನೆ. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡ್‌ನ ಒಂದು ಪ್ರದೇಶದಲ್ಲಿ ಡಿಎನ್‌ಎಸ್ ಕೆಟ್ಟಾಗ ಫೋರ್ಟ್‌ನೈಟ್, ರೋಬ್ಲಾಕ್ಸ್ ಎರಡಕ್ಕೂ ಪೆಟ್ಟು ಬಿತ್ತು.

ಬಳಕೆದಾರರ ದೂರು ಸೇರಿಸೋ ಡೌನ್‌ಡಿಟೆಕ್ಟರ್‌ನಂಥ ಸೈಟ್‌ಗಳಲ್ಲಿ ದೂರಿನ ಸಂಖ್ಯೆಗಿಂತ ಗ್ರಾಫಿನ ಆಕಾರ ನೋಡಿ. ದಿನವೂ ಅಷ್ಟಿಷ್ಟು ದೂರು ಇದ್ದೇ ಇರುತ್ತೆ. ನಿಮ್ಮ ಗೇಮ್ ಕೆಟ್ಟ ಹೊತ್ತಿಗೆ ಸರಿಯಾಗಿ ಗೆರೆ ಗೋಡೆ ಥರ ಎದ್ದಿದ್ರೆ ಅದು ಲೆಕ್ಕಕ್ಕೆ ಬರುತ್ತೆ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಕೈಕೊಟ್ಟಾಗ ಆ ಸೈಟಿಗೇ ತೊಂದರೆ ಆಗಿತ್ತು, ಅದನ್ನೂ ನೆನಪಿಟ್ಕೊಳ್ಳಿ.

ರಾತ್ರಿಗೂಬೆ:
ಬೇರೆ ಗೇಮ್ ಆರಾಮಾಗಿ ಓಡ್ತಿದೆ. ಫೋನಿನ ವೈಫೈ ಆಫ್ ಮಾಡಿ ಹಾಟ್‌ಸ್ಪಾಟ್‌ನಲ್ಲಿ ನೋಡಿದೆ, ಅದೇ ಎರರ್. ಗ್ರಾಫ್ ಸಂಜೆಯಿಂದ ಏರಿದೆ. ಆದ್ರೂ ಮನಸ್ಸು ಒಪ್ತಿಲ್ಲ, ನನ್ನ ಪಿಸಿನೇ ಕೆಟ್ಟಿದ್ರೆ? ಎರಡು ನೆಟ್‌ಗೂ ಪಿಸಿ ಒಂದೇ ತಾನೇ?

ತಂತಿಜಾಲ:
ಸರಿಯಾದ ಪ್ರಶ್ನೆ. ಗೇಮ್‌ನ ಲಾಗ್ ಫೈಲ್ ತೆಗೆಯಿರಿ. ಅನ್‌ರಿಯಲ್ ಎಂಜಿನ್‌ನ ಗೇಮ್ ಆದ್ರೆ ಸಾಮಾನ್ಯವಾಗಿ `%LOCALAPPDATA%` ಒಳಗೆ ಗೇಮ್ ಹೆಸರಿನ ಫೋಲ್ಡರ್, ಅದರಲ್ಲಿ `Saved\Logs`. ಫೈಲಿನ ಕೊನೆಯಿಂದ ಮೇಲಕ್ಕೆ `https` ಹುಡುಕಿ. ಎರರ್ ಹತ್ತಿರ ಸಿಗೋ ವಿಳಾಸದ ಹೆಸರಿನ ಭಾಗವನ್ನಷ್ಟೇ ತಗೊಂಡು ಪವರ್‌ಶೆಲ್‌ನಲ್ಲಿ ಹೀಗೆ ಕೊಡಿ:

```
curl.exe -I https://login.example.com
```

`.exe` ಬಿಡಬೇಡಿ. ವಿಂಡೋಸ್ ಜೊತೆ ಬರೋ ಪವರ್‌ಶೆಲ್‌ನಲ್ಲಿ ಬರೀ `curl` ಅಂದ್ರೆ ಬೇರೆಯದೇ ಕಮಾಂಡ್ ಓಡುತ್ತೆ. ಲಾಗ್ ಪೂರ್ತಿ ಇಲ್ಲಿ ಹಾಕಬೇಡಿ, ಅದರಲ್ಲಿ ನಿಮ್ಮ ಲಾಗಿನ್ ಟೋಕನ್ ಇರಬಹುದು.

ರಾತ್ರಿಗೂಬೆ:
ಸಿಕ್ತು.

```
HTTP/1.1 503 Service Unavailable
Retry-After: 120
```

ತಂತಿಜಾಲ:
ಮುಗೀತು. ನಿಮ್ಮ ಪಿಸಿ, ರೂಟರ್, ಡಿಎನ್‌ಎಸ್ ಎಲ್ಲಾ ದಾಟಿ ನಿಮ್ಮ ಮಾತು ಅವರ ಬಾಗಿಲಿಗೆ ಮುಟ್ಟಿದೆ. ಈಗ ಆಗಲ್ಲ, 120 ಸೆಕೆಂಡ್ ಬಿಟ್ಟು ಬನ್ನಿ ಅಂತ ಹೇಳ್ತಿರೋದು ಆ ಕಡೆಯವರು. ಮನೆ ಕಡೆ ತೊಂದರೆ ಇದ್ದಿದ್ರೆ ಇಂಥ ಉತ್ತರವೇ ಬರ್ತಿರ್ಲಿಲ್ಲ. `Could not resolve host` ಬಂದಿದ್ರೆ ಡಿಎನ್‌ಎಸ್ ನೋಡಬೇಕಿತ್ತು. ಟೈಮ್‌ಔಟ್ ಆಗಿದ್ರೆ ಇದೊಂದರಿಂದ ಹೇಳೋಕಾಗಲ್ಲ, ದಾರಿನೂ ಕೆಟ್ಟಿರಬಹುದು, ಸರ್ವರೂ ಬಿದ್ದಿರಬಹುದು.

ಇದನ್ನ ತಿರುಗಿಸಿ ಓದಬೇಡಿ. 200 ಅಥವಾ 404 ಬಂದ್ರೆ ಬಾಗಿಲಲ್ಲಿ ಯಾರೋ ಇದ್ದಾರೆ ಅಂತಷ್ಟೇ ಅರ್ಥ, ಒಳಗಿನ ಮ್ಯಾಚ್‌ಮೇಕಿಂಗ್ ಸತ್ತಿದ್ರೆ ಇದರಲ್ಲಿ ಕಾಣಲ್ಲ. ಪಿಂಗ್ ಇನ್ನೂ ಕಡಿಮೆ ಹೇಳುತ್ತೆ, ಎಷ್ಟೋ ಸರ್ವರ್‌ಗಳು ಚೆನ್ನಾಗಿದ್ದಾಗಲೂ ಪಿಂಗ್‌ಗೆ ಉತ್ತರ ಕೊಡಲ್ಲ.

ಈಗ ಫೈರ್‌ವಾಲ್ ವಾಪಸ್ ಆನ್ ಮಾಡಿ, ಡಿಎನ್‌ಎಸ್ ಮೊದಲಿನ ಹಾಗೆ ಇಡಿ. ಲಾಗಿನ್ ಬಟನ್ ಒತ್ತುತ್ತಾ ಕೂರಬೇಡಿ. ತೀರಾ ಹೆಚ್ಚಾದ್ರೆ 429 ಅಂತ ನಿಮ್ಮನ್ನೇ ಸ್ವಲ್ಪ ಹೊತ್ತು ತಡೀಬಹುದು, ಆಗ ಸರ್ವರ್ ಎದ್ದ ಮೇಲೂ ನೀವು ಹೊರಗೇ.

ಪಿಂಗ್‌ಪುಟ್ಟ:
ನಂದೂ ಸರ್ವರ್ ಕಡೆಯದ್ದೇ ಆಯ್ತು ಹಾಗಾದ್ರೆ?

ತಂತಿಜಾಲ:
ಅಲ್ಲ ಮಾರಾಯ, ನೀನು ಒಳಗೆ ಹೋಗ್ತಿದ್ದೀಯ, ಆಡ್ತಿದ್ದೀಯ, ದಿನಾ ರಾತ್ರಿ ಒಂದೇ ಹೊತ್ತಿಗೆ ಕೆಡ್ತಿದೆ. ಅದು ಬೇರೆ ಕಥೆ, ಬೇರೆ ಪೋಸ್ಟ್ ಹಾಕು. ಹಾಕೋ ಮುಂಚೆ ಕೇಬಲ್ ಹಾಕಿ ಒಂದು ರಾತ್ರಿ ಆಡಿ ನೋಡು.

ರಾತ್ರಿಗೂಬೆ:
ಸ್ಟೇಟಸ್ ಪೇಜ್ ಈಗ ಹಳದಿಗೆ ತಿರುಗಿದೆ, Investigating ಅಂತ ಹಾಕಿದ್ದಾರೆ. ಗೆಳೆಯನೂ ಹೊರಗೆ ಬಿದ್ದಿದ್ದಾನೆ, ಮತ್ತೆ ಒಳಗೆ ಹೋಗೋಕಾಗ್ತಿಲ್ಲವಂತೆ.

ಮೌನಿಬಾಬಾ:
ನಾನೂ ಇದೇ ಗೇಮ್. ಆದ್ರೆ ನಂಗೆ 503 ಬರ್ತಿಲ್ಲ. ಮನೆ ಲೈನ್‌ನಲ್ಲಿ ಟೈಮ್‌ಔಟ್, ಹಾಟ್‌ಸ್ಪಾಟ್‌ನಲ್ಲಿ ಮಾತ್ರ 503. ಇದು ಯಾವ ಲೆಕ್ಕ?

ತಂತಿಜಾಲ:
ನಿಮಗೆ ಎರಡು ತೊಂದರೆ ಒಟ್ಟಿಗೆ ಇರೋ ಹಾಗಿದೆ. ಸರ್ವರ್ ಎದ್ದ ಮೇಲೂ ಮನೆ ಲೈನ್‌ನಲ್ಲಿ ಟೈಮ್‌ಔಟ್ ಆಗ್ತಿದ್ರೆ ಎರಡೂ ನೆಟ್‌ನಿಂದ `tracert` ಮಾಡಿ ಇಲ್ಲಿ ಹಾಕಿ, ನಿಮ್ಮ ಪಬ್ಲಿಕ್ ಐಪಿ ಅಳಿಸಿ. ನಡುವೆ ನಕ್ಷತ್ರ ಬಂದು ಮುಂದಿನ ಸಾಲುಗಳು ಸರಿ ಇದ್ರೆ ಅದಕ್ಕೆ ತಲೆ ಕೆಡಿಸ್ಕೋಬೇಡಿ. ಅಲ್ಲಿ ತನಕ ನಾನೂ ಏನೂ ಹೇಳೋಕಾಗಲ್ಲ.