ಅಪ್‌ಡೇಟ್: Carriage Jam ಸರಿಹೋಯಿತು, ಟೆಕ್ನಿಷಿಯನ್ ಬೇಕಾಗಲಿಲ್ಲ

ನನ್ನ ಪ್ರಶ್ನೆ: ಇಂಕ್‌ಜೆಟ್ ಪ್ರಿಂಟರ್ ಆನ್ ಮಾಡಿದರೆ ಒಮ್ಮೆ Carriage Jam, ಇನ್ನೊಮ್ಮೆ Service Required ಅಂತ ಬರುತ್ತಿದೆ. ಟೆಕ್ನಿಷಿಯನ್ ಕರೆಸಲೇಬೇಕಾ?

ಸಮಸ್ಯೆ ಬಗೆಹರಿಯಿತು. ಕ್ಯಾರಿಯೇಜ್ ಅಂದರೆ ಕಾರ್ಟ್ರಿಜ್ ಹೊತ್ತು ಎಡಕ್ಕೂ ಬಲಕ್ಕೂ ಓಡಾಡುವ ಭಾಗ. ಅದು ಚಲಿಸುತ್ತಿರುವಾಗಲೇ ಪವರ್ ಕೇಬಲ್ ಕಿತ್ತೆ. ಬಲತುದಿಯಲ್ಲಿ ನಿಂತಾಗ ಅದಕ್ಕೆ ಲಾಕ್ ಬೀಳುತ್ತದೆ, ಆಗ ಬಲವಂತ ಮಾಡಬಾರದು. ಆಮೇಲೆ ಕೈಯಿಂದ ಮೆಲ್ಲಗೆ ಸರಿಸಿದರೆ ಪ್ರತಿ ಸಲವೂ ಒಂದೇ ಜಾಗದಲ್ಲಿ ತಡೆಯುತ್ತಿತ್ತು. ಟಾರ್ಚ್ ಹಿಡಿದು ನೋಡಿದಾಗ ಕ್ಯಾರಿಯೇಜ್ ಓಡಾಡುವ ಕಂಬಿಯ ಕೆಳಗೆ ಹರಿದ ಕಾಗದದ ಚೂರು ಸಿಕ್ಕಿತು. ಹಿಂದಿನ ಮುಚ್ಚಳ ತೆಗೆದು ಟ್ವೀಜರ್‌ನಿಂದ ಎಳೆದೆ.

ಆದರೂ ಎರರ್ ಹೋಗಲಿಲ್ಲ! ಕ್ಯಾರಿಯೇಜ್ ಈಗ ಸಲೀಸಾಗಿ ಓಡುತ್ತಿತ್ತು, ಆದರೆ ತುದಿಗೆ ಹೋಗಿ ಜೋರಾಗಿ ಬಡಿಯುತ್ತಿತ್ತು. ಹಾಗೆ ಬಡಿದರೆ ಅದರ ಹಿಂದಿರುವ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯನ್ನು, ಅಂದರೆ ಎನ್‌ಕೋಡರ್ ಸ್ಟ್ರಿಪ್ ಅನ್ನು ನೋಡಬೇಕು. ಅದರ ಸಣ್ಣ ಗೆರೆಗಳನ್ನು ಓದಿಯೇ ಕ್ಯಾರಿಯೇಜ್ ಎಲ್ಲಿದೆ ಎಂದು ಪ್ರಿಂಟರ್‌ಗೆ ಗೊತ್ತಾಗುವುದು. ಅಲ್ಲಿ ಇಂಕ್ ಮೆತ್ತಿಕೊಂಡಿತ್ತು. ನೂಲು ಬಿಡದ ಬಟ್ಟೆಯನ್ನು ತುಸು ನೀರಲ್ಲಿ ಒದ್ದೆ ಮಾಡಿ, ಪಟ್ಟಿ ಕೊಕ್ಕೆಯಿಂದ ಕಳಚದಂತೆ ಒರೆಸಿದೆ. ಎರಡೂ ಸಂದೇಶ ಮಾಯ.

Service Required ಒಂದು ಸಾಮಾನ್ಯ ಸಂದೇಶ, ಇಂಥದ್ದೇ ದೋಷ ಅಂತ ಅದು ಹೇಳುವುದಿಲ್ಲ. ನನಗೆ ಅದು ಜಾಮ್‌ನಿಂದಲೇ ಬಂದಿತ್ತು. ಕೆಲವು ಪ್ರಿಂಟರ್‌ಗಳಲ್ಲಿ ವ್ಯರ್ಥ ಇಂಕ್ ಹೀರಿಕೊಳ್ಳುವ ವೇಸ್ಟ್ ಇಂಕ್ ಪ್ಯಾಡ್ ತುಂಬಿದರೂ ಅದೇ ಬರುತ್ತದೆ, ಅದಕ್ಕೆ ಈ ಕೆಲಸದಿಂದ ಉಪಯೋಗವಿಲ್ಲ. ಕೈಗೆ ಯಾವ ತಡೆಯೂ ಸಿಗದೆ, ಪಟ್ಟಿಯೂ ಶುಭ್ರವಾಗಿದ್ದು, ಆನ್ ಮಾಡಿದಾಗ ಕ್ಯಾರಿಯೇಜ್ ಅಲುಗಾಡದೇ ಎರರ್ ಬಂದರೆ ಮೋಟಾರ್ ಅಥವಾ ಬೋರ್ಡ್ ಕೆಟ್ಟಿರಬಹುದು. ಆಗ ಟೆಕ್ನಿಷಿಯನ್‌ನ ಕರೆಸಿ.