ಅಪ್‌ಡೇಟ್: ತಮ್ಮನ ಸ್ನಾಯುಗಳ ಶಕ್ತಿ ಮರಳಲು ತಡವಾದದ್ದೇಕೆ?

ನನ್ನ ಪ್ರಶ್ನೆ: "ಕಾರವಾರದಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಗೆ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಟ್ಟ ಮೇಲೆ ತಮ್ಮ ಗಂಟೆಗಟ್ಟಲೆ ತಾನಾಗಿ ಉಸಿರಾಡಲಿಲ್ಲ. ಏಕೆ?"

ರಕ್ತದ ಕಿಣ್ವವೊಂದರ ಗುಣ ಅಳೆಯುವ ಡಿಬುಕೇನ್ ಪರೀಕ್ಷೆ ಮಾಡಿಸಿ ಎಂದವರಿಗೆ ಧನ್ಯವಾದ, ಅವರ ಊಹೆಯೇ ನಿಜವಾಯಿತು. ಸುಮಾರು 80 ಇರಬೇಕಾದ ಸಂಖ್ಯೆ ಅವನಲ್ಲಿ 20ರ ಆಸುಪಾಸಿನಲ್ಲಿದೆ. ಸಕ್ಸಿನೈಲ್‌ಕೋಲಿನ್ ಅನ್ನು ನಿಮಿಷಗಳಲ್ಲಿ ಒಡೆಯಬೇಕಾದ ರಕ್ತದ ಕೋಲಿನೆಸ್ಟರೇಸ್ ಕಿಣ್ವ ಹುಟ್ಟಿನಿಂದಲೇ ದೋಷಪೂರಿತ.

ಸ್ನಾಯುಗಳ ಶಕ್ತಿ ಮರಳಿಸುವ ಸುಗಮಾಡೆಕ್ಸ್ ಕೊಡಬೇಕಿತ್ತು ಎಂಬ ಸಲಹೆ ಇಲ್ಲಿ ಸಲ್ಲದು. ಅದು ರೋಕುರೋನಿಯಂ, ವೆಕುರೋನಿಯಂನಂಥ ಬೇರೆ ಸ್ನಾಯು ಸಡಿಲಕಗಳನ್ನಷ್ಟೇ ಹಿಡಿದಿಡುತ್ತದೆ. ನನಗೆ ಅಚ್ಚರಿ ತಂದದ್ದು ಶಕ್ತಿ ಮರಳಿಸಲು ಬಳಸುವ ಇನ್ನೊಂದು ಔಷಧ ನಿಯೋಸ್ಟಿಗ್ಮಿನ್: ಅದು ಕೋಲಿನೆಸ್ಟರೇಸ್ ಕಿಣ್ವವನ್ನೇ ಇನ್ನಷ್ಟು ತಡೆಯುತ್ತದೆಯಂತೆ! ನಿದ್ರೆಯ ಔಷಧ ನಿಲ್ಲಿಸದೆ, ವೆಂಟಿಲೇಟರ್‌ನಲ್ಲಿಟ್ಟು ವೈದ್ಯರು ಕಾದದ್ದೇ ಸರಿಯಾದ ಚಿಕಿತ್ಸೆ.

ದೋಷ ವಂಶವಾಹಿಯಾದ್ದರಿಂದ ಶಿರಸಿಯ ಅಕ್ಕನ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದ್ದೇವೆ. ಸಕ್ಸಿನೈಲ್‌ಕೋಲಿನ್, ಅದೇ ಕಿಣ್ವದಿಂದ ಒಡೆಯುವ ಮಿವಾಕುರಿಯಂ ಎರಡೂ ಬೇಡವೆಂಬ ಚೀಟಿ ತಮ್ಮನ ಪರ್ಸಿನಲ್ಲಿದೆ.