[ಪದಚರ್ಚೆ] "ಲುಕ್‌ಅಪ್ ಟೇಬಲ್"ಗೆ ಕನ್ನಡದಲ್ಲಿ ಏನನ್ನಬೇಕು? ನಾಳೆ ಸಂಜೆಯೊಳಗೆ ಬೇಕು

ಶಿವಮೊಗ್ಗದಿಂದ

ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳಿಗಾಗಿ ಒಂದು ಸಣ್ಣ ಕೈಪಿಡಿ ಮಾಡುತ್ತಿದ್ದೇವೆ. ಸಿಇಟಿ ಕಟ್‌ಆಫ್ ಪಿಡಿಎಫ್‌ನಿಂದ ಕೋಷ್ಟಕವನ್ನು ಹೊರತೆಗೆದು, ಅದನ್ನು ಓದುವುದು ಹೇಗೆ ಅಂತ ತೋರಿಸಬೇಕು. ತಲೆಸಾಲಿನಲ್ಲಿ 1G, 2AK, 3BR, GM, SCK ಅಂತ ಬರೀ ಸಂಕೇತಗಳಿವೆ. ಮಕ್ಕಳಿಗೆ ಬೇಕಿರುವುದು "ಪ್ರವರ್ಗ 2ಎ, ಕನ್ನಡ ಮಾಧ್ಯಮ" ಅನ್ನುವ ಪೂರ್ತಿ ಹೆಸರು. ಅದಕ್ಕಾಗಿ ಎರಡು ಕಾಲಂನ, 24 ಸಾಲಿನ ಪಟ್ಟಿ ಮಾಡಿಕೊಂಡಿದ್ದೇನೆ. ಎಡಕ್ಕೆ ಸಂಕೇತ, ಬಲಕ್ಕೆ ಹೆಸರು. ಈ ಪಟ್ಟಿಯನ್ನು ಕನ್ನಡದಲ್ಲಿ ಏನೆಂದು ಕರೆಯಲಿ? "ಹುಡುಕು ಕೋಷ್ಟಕ" ಅಂತ ಬರೆದೆ, ಕಿವಿಗೆ ಹಿತವಾಗಲಿಲ್ಲ. ನಾಳೆ ಸಂಜೆ ಪ್ರೆಸ್ಸಿಗೆ ಹೋಗುತ್ತದೆ.

ಮೈಸೂರಿನಿಂದ

"ಹುಡುಕು ಕೋಷ್ಟಕ" ಬೇಡವೇ ಬೇಡ. ಅಲ್ಲಿ ಯಾರೂ ಏನನ್ನೂ ಹುಡುಕುತ್ತಿಲ್ಲ. ನಿಘಂಟುಗಳ ಮೊದಲ ಪುಟಗಳಲ್ಲಿ ನಾ., ಕ್ರಿ., ಗು. ಅಂದರೆ ಏನೆಂದು ಹೇಳುವ ಪಟ್ಟಿ ಇರುತ್ತದಲ್ಲ, ಇದೂ ಅದೇ. ಸಂಕೇತಸೂಚಿ ಅನ್ನಿ.

ಧಾರವಾಡದಿಂದ

ಮೇಷ್ಟ್ರೇ, ನಿಘಂಟಿನ ಪಟ್ಟಿಯನ್ನು ಓದುವವರು ಕಣ್ಣಿನಿಂದ ನೋಡುತ್ತಾರೆ. ಇಲ್ಲಿ ಒಂದೊಂದು ಸಂಕೇತವನ್ನೂ ಪಟ್ಟಿಗೆ ಹಿಡಿದು ಸರಿಹೋಯಿತೋ ಇಲ್ಲವೋ ನೋಡುವ ಕೆಲಸ ಇದೆ. ಅದಕ್ಕೆ ನಮ್ಮಲ್ಲಿ ಮಾತು ಇದೆ: ತಾಳೆ ನೋಡುವುದು. ಅಂಗಡಿ ಲೆಕ್ಕ ತಾಳೆ ಆಗಲಿಲ್ಲ ಅಂತೀವಲ್ರಿ? ತಾಳೆಪಟ್ಟಿ ಅನ್ರಿ. ಹಿಂದೆ ಲೆಕ್ಕ ಬರೆಯುತ್ತಿದ್ದದ್ದು ತಾಳೆಗರಿಯ ಮೇಲೆ. ಎರಡು ಗರಿ ಪಕ್ಕಪಕ್ಕ ಇಟ್ಟು ನೋಡುವುದೇ ತಾಳೆ.

ಮೈಸೂರಿನಿಂದ

ಗರಿಯ ಕತೆಗೆ ಆಧಾರ ಇಲ್ಲ. ಮರಾಠಿಯಲ್ಲಿ ಲೆಕ್ಕ ಸರಿನೋಡುವುದಕ್ಕೆ ತಾಳಾ, ಆಯವ್ಯಯದ ತಖ್ತೆಗೆ ತಾಳೇಬಂದ ಅನ್ನುತ್ತಾರೆ. ನಿಮ್ಮ ಕಡೆ ಮರಾಠಿ ದಫ್ತರದ ಮಾತು ಬಳಕೆಯಲ್ಲಿತ್ತು. ಅದರ ಜೊತೆ ಈ ಪದವೂ ಬಂದಿರಬಹುದು.

ಹಾಸನದಿಂದ

ಮೇಡಂ, ನಾನು ಇನ್ನೊಂದು ಅನುಭವ ಹೇಳುತ್ತೇನೆ. ಒಂದು ಹಳೆಯ ಶಾಲೆಯ ದಾಖಲಾತಿ ಪುಸ್ತಕವನ್ನು ಟೈಪು ಮಾಡಿದೆವು. ಲಿಂಗದ ಕಾಲಂನಲ್ಲಿ ಕೆಲವು ಕಡೆ ಗಂ, ಹೆ. ಕೆಲವು ಕಡೆ M, F. ಗಂಡು, ಹೆಣ್ಣು ಅಂತ ಬಿಡಿಸಿ ಬರೆಯಬೇಕೋ, ಪುರುಷ, ಮಹಿಳೆ ಅಂತಲೋ? ಆರು ವರ್ಷದ ಮಗುವಿಗೆ ಮಹಿಳೆ ಅನ್ನುವುದು ಸರಿ ಕಾಣಲಿಲ್ಲ. ಹಾಗಾಗಿ ಗಂಡು, ಹೆಣ್ಣು ಇಟ್ಟೆವು. ನೀವೂ ಹಾಗೇ ಮಾಡಿ.

ಶಿವಮೊಗ್ಗದಿಂದ

ಸರ್, ನನ್ನ ಪ್ರಶ್ನೆ ಪಟ್ಟಿಯ ಹೆಸರಿನದ್ದು. ಆದರೆ ನೀವು ಹೇಳಿದ್ದು ನನಗೂ ಬೇಕಿತ್ತು. ನಮ್ಮ ಅಭ್ಯಾಸದ ಹಾಳೆಯಲ್ಲಿ M, F ಕಾಲಂ ಕೂಡ ಇದೆ. ನಿನ್ನೆ ಇಡೀ ಹಾಳೆಯಲ್ಲಿ M ಇದ್ದ ಕಡೆ ಗಂಡು ಅಂತ ಬದಲಿಸು ಅಂದೆ. GMR ಹೋಗಿ "GಗಂಡುR" ಆಗಿ ಕೂತಿತ್ತು!

ಬೆಂಗಳೂರಿನಿಂದ

ಹೆಸರು ಏನೇ ಇಡಿ, ಪಟ್ಟಿಯನ್ನೇ ಚಿಕ್ಕದು ಮಾಡಬಹುದು. ಕೊನೆಯ ಅಕ್ಷರ ಬೇರೆ ಮಾಡಿ. G ಸಾಮಾನ್ಯ, K ಕನ್ನಡ ಮಾಧ್ಯಮ, R ಗ್ರಾಮೀಣ. ಉಳಿದದ್ದು ಪ್ರವರ್ಗ. 24 ಸಾಲು ಯಾಕೆ, ಹತ್ತು ಹನ್ನೊಂದು ಸಾಲು ಸಾಕು.

ಕಲಬುರಗಿಯಿಂದ

ಅದು ಅರ್ಧ ಸರಿ. ನಾನು ಇದೇ ಪಿಡಿಎಫ್‌ಗಳ ಜೊತೆ ಮೂರು ವರ್ಷ ಒದ್ದಾಡಿದ್ದೇನೆ. 2AK ಒಡೆಯುತ್ತದೆ, GMK ಕೂಡ ಒಡೆಯುತ್ತದೆ. GM ಒಡೆಯುವುದಿಲ್ಲ. ಅದರ ಕೊನೆಯ ಅಕ್ಷರ M. ಸಾಮಾನ್ಯ ಅರ್ಹತೆಗೆ GMG ಅನ್ನುವ ಸಂಕೇತವೇ ಇಲ್ಲ. ಇನ್ನು ನಮ್ಮ ಭಾಗದ 371(ಜೆ) ಕೋಷ್ಟಕಗಳಲ್ಲಿ ಬಾಲಕ್ಕೆ H ಸೇರಿ GMH, GMKH ಅಂತ ಬರುತ್ತವೆ. ಅಕ್ಷರ ಒಡೆಯಲು ಹೋದರೆ ಒಂದೊಂದಕ್ಕೂ ಬೇರೆ ನಿಯಮ ಬರೆಯಬೇಕು. ಇಡೀ ಸಂಕೇತವನ್ನೇ ಒಂದು ತುಂಡಾಗಿ ಇಟ್ಟುಕೊಳ್ಳಿ. 1, 2A, 2B, 3A, 3B, SC, ST ಈ ಏಳಕ್ಕೆ ಮೂರು ಮೂರು, ಜೊತೆಗೆ GM, GMK, GMR. ಒಟ್ಟು 24 ಸಾಲು. ಅರ್ಧ ಗಂಟೆಯ ಕೆಲಸ.

ಬೇರೆ ಪಟ್ಟಿ ಇಡಬೇಕು ಅನ್ನುವುದಕ್ಕೆ H ಒಳ್ಳೆಯ ಉದಾಹರಣೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಸಂಕೇತದ H ಹಾಗೇ ಉಳಿಯಿತು. ಪಟ್ಟಿಯ ಬಲಗಡೆಯ ಹೆಸರು ತಿದ್ದಿದೆ, ಅಷ್ಟೇ. ಅಂಕಿಗಳ ಹಾಳೆಯಲ್ಲೇ ಹೆಸರು ಬರೆದಿದ್ದರೆ ಒಂದೊಂದು ಸಾಲನ್ನೂ ಮುಟ್ಟಬೇಕಿತ್ತು. ಮೂಲ ಸಂಕೇತದ ಕಾಲಂ ಅಳಿಸಬೇಡಿ ಮೇಡಂ. ಹೆಸರಿಗೆ ಹೊಸ ಕಾಲಂ ಮಾಡಿ.

ಪಿಡಿಎಫ್‌ನಲ್ಲಿ ಕಾಲಂ ಕಿರಿದಾಗಿದ್ದರೆ 2A ಒಂದು ಸಾಲಿಗೆ, G ಕೆಳಗಿನ ಸಾಲಿಗೆ ಬೀಳುತ್ತದೆ. ನೋಡಲು 2AG, ಒಳಗೆ ನಡುವೆ ಸಾಲು ಮುರಿದಿರುತ್ತದೆ. ಪಟ್ಟಿಗೆ ಸಿಗುವುದಿಲ್ಲ. ತಲೆಸಾಲಿನ ಸಂಕೇತಗಳನ್ನು code ಅನ್ನುವ ಕಾಲಂಗೆ ಇಳಿಸಿಕೊಂಡು, ಮೊದಲು ಅದನ್ನು ತೆಗೆಯಿರಿ. pandasನಲ್ಲಿ ಹೀಗೆ, tale ಅನ್ನುವುದು ನಿಮ್ಮ ಪಟ್ಟಿಯ dict:

```
k = df["code"].str.replace(r"\s+", "", regex=True)
df["label"] = k.map(tale)
print(k[df["label"].isna()].unique())
```

ಮೂರನೆಯ ಸಾಲು ಬಿಡಬೇಡಿ. ಪಟ್ಟಿಯಲ್ಲಿ ಇಲ್ಲದ ಸಂಕೇತಕ್ಕೆ map ತಕರಾರು ಮಾಡುವುದಿಲ್ಲ, ಸುಮ್ನೆ ಖಾಲಿ ಬಿಡುತ್ತದೆ. ಆ ಸಾಲು ಮಾತ್ರ ತಾಳೆಯಾಗದೆ ಉಳಿದವನ್ನು ತೋರಿಸುತ್ತದೆ.

ಧಾರವಾಡದಿಂದ

ನೋಡ್ರಿ, ಅವರ ಬಾಯಲ್ಲೂ ತಾಳೆ ಬಂತು.

ಮೈಸೂರಿನಿಂದ

ಬಂದರೆ ಬರಲಿ. ಕೈಪಿಡಿ ಬರೆಯುವಾಗ ಎಲ್ಲರಿಗೂ ಗೊತ್ತಿರುವ ಪದ ಬೇಕು. ಸಂಕೇತ, ಸೂಚಿ ಎರಡೂ ಶಾಲೆಯಲ್ಲೇ ಕಲಿತವು.

ಮಂಗಳೂರಿನಿಂದ

ಎರಡೂ ಸಂಸ್ಕೃತ. ಗುರುತು ಅನ್ನುವ ಮಾತು ಇರುವಾಗ ಸಂಕೇತ ಯಾಕೆ? ಗುರುತೋಲೆ ಅನ್ನಿ.

ಮೈಸೂರಿನಿಂದ

ಓಲೆ ಅಂದರೆ ಮಕ್ಕಳಿಗೆ ಮದುವೆಯ ಕರೆಯೋಲೆ ನೆನಪಾಗುತ್ತದೆ. ಬೇಡ.

ಧಾರವಾಡದಿಂದ

ಮರಾಠಿಯಿಂದ ಬಂದಿದ್ದರೂ ಏನು ತಪ್ಪು? ಜಮಾ ಅರಬ್ಬಿಯದು, ಖರ್ಚು ಪಾರಸಿಯ ಕಡೆಯಿಂದ ಬಂದದ್ದು. ಅವನ್ನು ಬಿಟ್ಟು ಒಂದು ದಿನದ ಲೆಕ್ಕ ಬರೀರಿ ನೋಡೋಣ. ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಅದು ಮಾಡುವ ಕೆಲಸ ಯಾವುದು ಅಂತ ನೋಡಬೇಕು. ತಾಳೆ ಅಂದ ಕೂಡಲೇ "ಆಗಲಿಲ್ಲ" ಅನ್ನುವುದೂ ಅದರ ಹಿಂದೆ ಬರುತ್ತದೆ. ಸೂಚಿ ಆಗಲಿಲ್ಲ ಅಂತ ಯಾರಾದರೂ ಅಂತಾರಾ?

ಮಂಗಳೂರಿನಿಂದ

ಇದೇ ವಾದ ಹಿಡಿದರೆ ಲುಕ್‌ಅಪ್ ಅನ್ನೂ ಇಟ್ಟುಕೊಳ್ಳಬಹುದಲ್ಲ. ಒಪ್ಪುವುದಿಲ್ಲ.

ಶಿವಮೊಗ್ಗದಿಂದ

ಕಲಬುರಗಿಯ ಸರ್ ಹೇಳಿದ ಹಾಗೆ ಮಾಡಿದೆ. ಮೂರು ಸಂಕೇತ ಉಳಿದವು: IG, 28G, GMKH. ಮೊದಲ ಎರಡು ಸ್ಕ್ಯಾನ್ ಆದ ಹಳೆಯ ಪುಟದವು. 1 ಹೋಗಿ I ಆಗಿದೆ, B ಹೋಗಿ 8 ಆಗಿದೆ. ಮೂರನೆಯದು 371(ಜೆ) ಕೋಷ್ಟಕದ ಒಂದು ಕಾಲಂ ತಪ್ಪಿ ಸೇರಿದ್ದರಿಂದ ಬಂದದ್ದು. ಈಗ ಎಲ್ಲಾ ಸರಿ ಅಂದುಕೊಳ್ಳಬಹುದಾ?

ಕಲಬುರಗಿಯಿಂದ

ಇನ್ನೂ ಇಲ್ಲ ಮೇಡಂ. 28G ಪಟ್ಟಿಯಲ್ಲಿ ಇಲ್ಲ, ಅದಕ್ಕೇ ಸಿಕ್ಕಿಬಿತ್ತು. ಮಸುಕಾದ ಪುಟದಲ್ಲಿ SCR ಅನ್ನು SCK ಅಂತ ಓದಿದ್ದರೆ ಸಿಕ್ಕುವುದಿಲ್ಲ, ಯಾಕೆಂದರೆ SCK ಕೂಡ ಪಟ್ಟಿಯಲ್ಲಿ ಇದೆ. ಗ್ರಾಮೀಣದ ರ‍್ಯಾಂಕು ಕನ್ನಡ ಮಾಧ್ಯಮದ ಹೆಸರಲ್ಲಿ ಅಚ್ಚಾಗುತ್ತದೆ. ಸ್ಕ್ಯಾನ್ ಪುಟಗಳಲ್ಲಿ ಪ್ರತಿ ಕೋಷ್ಟಕದ ತಲೆಸಾಲು ಎಣಿಸಿ. 24 ಸಂಕೇತವೂ ಒಂದೊಂದೇ ಸಲ ಬರಬೇಕು. SCK ಎರಡು ಸಲ ಬಂದು SCR ಇಲ್ಲದಿದ್ದರೆ ಆ ಪುಟವನ್ನು ತೆಗೆದು ಕಣ್ಣಾರೆ ನೋಡಿ.

ಹಾಸನದಿಂದ

ನಮ್ಮ ಪುಸ್ತಕದಲ್ಲಿ ಗಂ, ಹೆ ಹೀಗೆ ಅದಲುಬದಲಾಗಿದ್ದರೆ ಎಣಿಸಿ ಹಿಡಿಯಲು ಆಗುವುದಿಲ್ಲ ಅಲ್ವಾ? ಎಷ್ಟು ಗಂಡು, ಎಷ್ಟು ಹೆಣ್ಣು ಇರಬೇಕು ಅಂತ ಮೊದಲೇ ಗೊತ್ತಿರುವುದಿಲ್ಲ.

ಕಲಬುರಗಿಯಿಂದ

ಆಗುವುದಿಲ್ಲ ಸರ್. ವರ್ಷದ ಕೊನೆಗೆ ಶಾಲೆಯವರೇ ಒಟ್ಟು ಬರೆದಿದ್ದರೆ ಅದಕ್ಕೆ ತಾಳೆ ನೋಡಬಹುದು. ಇಲ್ಲದಿದ್ದರೆ ಹೆಸರು ಓದಿ ಅನುಮಾನ ಬಂದವನ್ನು ಮೂಲ ಪುಸ್ತಕದಲ್ಲಿ ನೋಡಬೇಕು.

ಶಿವಮೊಗ್ಗದಿಂದ

ಎಣಿಸಿದೆ. ಒಂದು ಪುಟದಲ್ಲಿ STK ಎರಡು ಸಲ ಇತ್ತು, STR ಇರಲಿಲ್ಲ. ತಿದ್ದಿದೆ. ಹೆಸರು "ತಾಳೆಪಟ್ಟಿ" ಅಂತಲೇ ಹೋಗುತ್ತಿದೆ. ಎಡ ಕಾಲಂಗೆ "ಸಂಕೇತ", ಬಲಕ್ಕೆ "ಪೂರ್ತಿ ಹೆಸರು". ಉಳಿದವುಗಳನ್ನು ತೋರಿಸುವ ಪುಟದ ತಲೆಬರಹ "ತಾಳೆಯಾಗದವು".

ಮೈಸೂರಿನಿಂದ

"ತಾಳೆಯಾಗದವು" ಚೆನ್ನಾಗಿದೆ. ಪಟ್ಟಿಗೆ ಮಾತ್ರ ಸಂಕೇತಸೂಚಿಯೇ ಸರಿ, ನನ್ನ ಮಾತು ಬದಲಾಗಿಲ್ಲ.